ಶಾಫ್ಟ್ ನಾವೇ ಮಾಡೋದಾ, ಹೊರಗಿಂದ ತರಿಸೋದಾ? ಕಾಸ್ಟ್ ಶೀಟ್ ಬಿಚ್ಚಿ ನೋಡುವ ಕ್ರಮ

ಪೀಣ್ಯದಲ್ಲಿ ಮೋನೋಬ್ಲಾಕ್ ಪಂಪ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ. ಮಾಲೀಕರು ನನ್ನ ಮುಂದೆ ಎರಡು ಕಾಗದ ಇಟ್ಟರು. ಒಂದು, ಅವರ ಅಕೌಂಟೆಂಟ್ ಮಾಡಿದ ಕಾಸ್ಟ್ ಶೀಟ್. ಪಂಪಿನ ಶಾಫ್ಟ್ ಒಂದಕ್ಕೆ 370 ರೂಪಾಯಿ ಬೀಳುತ್ತದೆ ಎಂದು ಅದರಲ್ಲಿತ್ತು. ಇನ್ನೊಂದು, ಎರಡು ರಸ್ತೆ ಆಚೆಯ ವರ್ಕ್‌ಶಾಪಿನವರು ಕೊಟ್ಟ ಕೊಟೇಶನ್. ಅದೇ ಶಾಫ್ಟ್‌ಗೆ 310 ರೂಪಾಯಿ.

"ಪೀಸಿಗೆ ಅರವತ್ತು ರೂಪಾಯಿ ಉಳಿಯತ್ತೆ ಸಾರ್. ವರ್ಷಕ್ಕೆ ಹನ್ನೆರಡು ಸಾವಿರ ಶಾಫ್ಟ್. ಏಳು ಲಕ್ಷದ ಮೇಲಾಯ್ತು. ಶಾಫ್ಟ್ ಮಾಡೋ ಸಿಎನ್‌ಸಿ ಯಂತ್ರ ನಿಲ್ಲಿಸಿಬಿಡೋಣ ಅಂತಿದೀನಿ" ಅಂದರು.

ಗುಣಾಕಾರ ಸರಿಯಾಗಿತ್ತು. ಆದರೆ ಆ ಏಳು ಲಕ್ಷ ಇಪ್ಪತ್ತು ಸಾವಿರ ಅವರ ಬ್ಯಾಂಕ್ ಖಾತೆಯಲ್ಲಿ ಎಂದೂ ಕಾಣಿಸಿಕೊಳ್ಳುತ್ತಿರಲಿಲ್ಲ. ಯಾಕೆ ಅನ್ನೋದನ್ನು ಈ ಲೇಖನದಲ್ಲಿ ಅವರದೇ ಲೆಕ್ಕ ಹಿಡಿದು ಹೇಳುತ್ತೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನಿಮ್ಮ ಕಾರ್ಖಾನೆಯಲ್ಲಿ ಶಾಫ್ಟ್ ಬದಲು ಬುಷ್ ಇರಬಹುದು, ಪ್ಯಾಕಿಂಗ್ ಡಬ್ಬಿ ಇರಬಹುದು. ಕ್ರಮ ಇದೇ.

ಮೊದಲು, ಎರಡೂ ಬೆಲೆ ಒಂದೇ ವಸ್ತುವಿನದಾ ನೋಡಿ

ಕೊಟೇಶನ್ ಜೊತೆ ಡ್ರಾಯಿಂಗ್ ಇಟ್ಟುಕೊಂಡು ಕೂತುಕೊಳ್ಳಿ. ಈ ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಜಾಗ 25 ಮಿಲಿಮೀಟರ್, ಟಾಲರೆನ್ಸ್ ಕೆ6. ಅಂದರೆ ಅಳತೆ 25.002 ರಿಂದ 25.015ರ ಒಳಗೇ ಬರಬೇಕು. ಇದಕ್ಕಿಂತ ಸಡಿಲವಾದರೆ ಬೇರಿಂಗಿನ ಒಳ ರಿಂಗ್ ಶಾಫ್ಟ್ ಮೇಲೆ ಜಾರಿ ಸವೆಯುತ್ತದೆ, ಬಿಗಿಯಾದರೆ ಬೇರಿಂಗ್ ಬಿಸಿಯಾಗುತ್ತದೆ. ಈ ಜಾಗವನ್ನು ಕಡೆಗೆ ಗ್ರೈಂಡ್ ಮಾಡಬೇಕು. ಕೊಟೇಶನ್‌ನಲ್ಲಿ ಗ್ರೈಂಡಿಂಗ್ ಸೇರಿದೆಯಾ, ಕೀವೇ ಸೇರಿದೆಯಾ, ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಕೊಡ್ತಾರಾ, ಒಂದೊಂದಾಗಿ ಕೇಳಿ.

ಇಲ್ಲಿ ಗ್ರೈಂಡಿಂಗ್ ಎರಡು ಕಾಗದದಲ್ಲೂ ಇರಲಿಲ್ಲ. ಇವರು ಮೊದಲಿನಿಂದಲೂ ಅದನ್ನು ಬೇರೆ ಕಡೆ ಮಾಡಿಸುತ್ತಾರೆ, ಮುಂದೆಯೂ ಅಲ್ಲೇ ಮಾಡಿಸುತ್ತಾರೆ. ಹಾಗಾಗಿ ಅದನ್ನು ಲೆಕ್ಕಕ್ಕೆ ತರುವ ಅಗತ್ಯವೇ ಇಲ್ಲ. ನಾವೇ ಮಾಡಿದರೂ ತರಿಸಿದರೂ ಅಷ್ಟೇ ಬೀಳುವ ಖರ್ಚು ನಿರ್ಧಾರವನ್ನು ಆಚೀಚೆ ಮಾಡುವುದಿಲ್ಲ.

ಕೊಟೇಶನ್ ಬೆಲೆಗೆ, ಮಾಲು ನಮ್ಮ ಬಾಗಿಲಿಗೆ ಬಂದು ಜೋಡಣೆಗೆ ಸಿದ್ಧವಾಗುವವರೆಗಿನ ಖರ್ಚನ್ನು ಸೇರಿಸಬೇಕು. ಸಾಗಾಟಕ್ಕೆ ಪೀಸಿಗೆ 5 ರೂಪಾಯಿ. ವಾರಕ್ಕೊಮ್ಮೆ ಬರುವ ಲಾಟನ್ನು ಅಳೆದು ನೋಡಲು ಒಬ್ಬರನ್ನು ಒಂದು ದಿನ ಕರೆಸಿದರೆ ತಿಂಗಳಿಗೆ 3,000, ಅಂದರೆ ಪೀಸಿಗೆ 3 ರೂಪಾಯಿ. ಹೀಗೆ 310 ಇದ್ದದ್ದು 318 ಆಯಿತು. ಜಿಎಸ್‌ಟಿಯನ್ನು ಇದಕ್ಕೆ ಸೇರಿಸಬೇಡಿ, ಇನ್‌ಪುಟ್ ಕ್ರೆಡಿಟ್ ಸಿಗುವವರಿಗೆ ಅದು ಖರ್ಚಲ್ಲ. ನೀವು ಕಂಪೋಸಿಷನ್ ಸ್ಕೀಮ್‌ನಲ್ಲಿದ್ದರೆ ಮಾತ್ರ ಆ ತೆರಿಗೆ ನಿಮ್ಮ ಜೇಬಿನದೇ. ಆಗ ಕಬ್ಬಿಣಕ್ಕೂ ಶಾಫ್ಟ್‌ಗೂ ತೆರಿಗೆ ಸೇರಿಸಿಯೇ ಹೋಲಿಸಬೇಕು.

ಆಮೇಲೆ ಕಾಸ್ಟ್ ಶೀಟನ್ನು ಸಾಲುಸಾಲಾಗಿ ಬಿಚ್ಚಿ

ಅಕೌಂಟೆಂಟ್ ಕೊಟ್ಟ 370 ಹೀಗಿತ್ತು:

ಇಎನ್ 8 ರಾಡ್, ಚಿಪ್ಸ್ ಮಾರಿದ ಹಣ ಕಳೆದು: 180
ವಿದ್ಯುತ್ ಯೂನಿಟ್, ಇನ್ಸರ್ಟ್, ಕೂಲೆಂಟ್: 35
ಕೂಲಿ: 60
ಓವರ್‌ಹೆಡ್: 95

ಪ್ರತಿ ಸಾಲಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಬೇಕು: ನಾಳೆಯಿಂದ ಶಾಫ್ಟ್ ಮಾಡುವುದು ನಿಲ್ಲಿಸಿದರೆ, ಈ ಹಣ ಕೊಡುವುದು ನಿಲ್ಲುತ್ತದಾ? ನಿಲ್ಲುತ್ತದೆ ಅಂದರೆ ಅದು ಈ ನಿರ್ಧಾರಕ್ಕೆ ಸಂಬಂಧಪಟ್ಟ ವೆಚ್ಚ. ನಿಲ್ಲುವುದಿಲ್ಲ ಅಂದರೆ ಅದು ಶಾಫ್ಟ್‌ನ ಕಾಸ್ಟ್ ಶೀಟ್‌ನಲ್ಲಿ ಎಷ್ಟೇ ದೊಡ್ಡದಾಗಿ ಬರೆದಿರಲಿ, ಈ ಹೋಲಿಕೆಯಿಂದ ಆಚೆ ಇಡಿ.

ಮೊದಲೆರಡು ಸಾಲಿಗೆ ಉತ್ತರ ಸಲೀಸು. ರಾಡ್ ತರಿಸುವುದು ನಿಲ್ಲುತ್ತದೆ, ಇನ್ಸರ್ಟ್ ಸವೆಯುವುದಿಲ್ಲ, ಮೀಟರ್ ಓಡುವುದಿಲ್ಲ. ಒಟ್ಟು 215 ರೂಪಾಯಿ ಖಂಡಿತ ಉಳಿಯುತ್ತದೆ. ಗೋಡೌನಿನಲ್ಲಿ ಈಗಾಗಲೇ ಕೊಂಡಿಟ್ಟ ರಾಡ್ ಇದ್ದರೆ ಅದಕ್ಕೆ ಕೊಟ್ಟ ಹಣ ಮುಗಿದ ಕತೆ. ಅದನ್ನು ಇವತ್ತು ಮಾರಿದರೆ ಎಷ್ಟು ಬರುತ್ತದೆಯೋ ಅಷ್ಟೇ ಅದರ ಬೆಲೆ.

ಕೂಲಿಯ ಸಾಲಿನಲ್ಲಿ ಎಡವುವವರೇ ಹೆಚ್ಚು

ಪುಸ್ತಕದಲ್ಲಿ ಕೂಲಿಯನ್ನು ಉತ್ಪಾದನೆ ಜೊತೆ ಏರಿಳಿಯುವ ವೆಚ್ಚ ಎಂದು ಬರೆದಿರುತ್ತಾರೆ. ಪೀಸಿಗಿಷ್ಟು ಎಂದು ದುಡ್ಡು ಕೊಡುವ ಕಡೆ ಅದು ನಿಜ. ಇಲ್ಲಿ ಹಾಗಿಲ್ಲ. ಈ 60 ರೂಪಾಯಿ ಎಲ್ಲಿಂದ ಬಂತು ಎಂದು ಕೇಳಿದರೆ, ಮೂರು ಜನ, ತಲಾ ತಿಂಗಳಿಗೆ ಪಿಎಫ್, ಇಎಸ್‌ಐ ಸೇರಿ 20,000, ವರ್ಷಕ್ಕೆ 7,20,000. ಅದನ್ನು 12,000 ಶಾಫ್ಟ್‌ಗೆ ಹಂಚಿದ್ದಾರೆ. ಶಾಫ್ಟ್ ಸಾವಿರ ಕಡಿಮೆಯಾದರೂ ಸಂಬಳ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ.

ಹಾಗಾಗಿ ಮಾಲೀಕರನ್ನು ನೇರವಾಗಿ ಕೇಳಿದೆ, "ಶಾಫ್ಟ್ ಹೊರಗೆ ಕೊಟ್ರೆ ಈ ಮೂರೂ ಜನಾನ ಕಳಿಸ್ತೀರಾ?"

"ಅಯ್ಯೋ, ಆರು ವರ್ಷದಿಂದ ಇದಾರೆ. ಅಸೆಂಬ್ಲಿಗೆ ಹಾಕ್ಕೋತೀನಿ ಬಿಡಿ."

ಅಸೆಂಬ್ಲಿಯಲ್ಲಿ ಜನ ಕಡಿಮೆ ಇದ್ದು, ಇವರು ಬರುವುದರಿಂದ ಮೂರು ಹೊಸ ನೇಮಕ ತಪ್ಪುತ್ತದೆ ಎಂದಾದರೆ 60 ರೂಪಾಯಿ ನಿಜಕ್ಕೂ ಉಳಿದಂತೆ. ಅಲ್ಲಿ ಜನ ಸಾಕಷ್ಟಿದ್ದಾರೆ, ಇವರೂ ಜೊತೆಗೆ ನಿಂತಿರುತ್ತಾರೆ ಎಂದಾದರೆ ಉಳಿಯುವುದು ಸೊನ್ನೆ. ಈ ಕಾರ್ಖಾನೆಯಲ್ಲಿ ಇದ್ದದ್ದು ಎರಡನೆಯ ಪರಿಸ್ಥಿತಿ.

ನಿಜಕ್ಕೂ ಕಳಿಸುವುದಾದರೆ ಕಾನೂನು ಪ್ರಕಾರದ ಪರಿಹಾರವನ್ನೂ ಬರೆದುಕೊಳ್ಳಬೇಕು. ವರ್ಷಕ್ಕೂ ಮೇಲೆ ಸತತವಾಗಿ ದುಡಿದ ಕಾರ್ಮಿಕರನ್ನು ಕೆಲಸವಿಲ್ಲವೆಂದು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಆರು ವರ್ಷ ದುಡಿದವರಿಗೆ ಈ ಪರಿಹಾರವೇ ಮೂರು ತಿಂಗಳ ಸಂಬಳದ ಆಸುಪಾಸು ಆಗುತ್ತದೆ. ಹೊರಗೆ ಕೊಡುವ ನಿರ್ಧಾರದಿಂದಲೇ ಹುಟ್ಟುವ ಖರ್ಚು ಇದಾದ್ದರಿಂದ ಅದನ್ನು ಹೊರಗಿನ ಬೆಲೆಯ ಕಡೆಗೇ ಹಾಕಬೇಕು. ಗ್ರಾಚ್ಯುಟಿ ಮಾತ್ರ ಬೇರೆ. ಅದು ಅವರು ಆಗಲೇ ದುಡಿದು ಗಳಿಸಿಕೊಂಡ ಹಣ. ಇವತ್ತಲ್ಲದಿದ್ದರೆ ಮುಂದೆ ಕೊಡಲೇಬೇಕು, ಆದ್ದರಿಂದ ಈ ಹೋಲಿಕೆಗೆ ಸೇರುವುದಿಲ್ಲ.

ಓವರ್‌ಹೆಡ್ಡಿನ 95 ರೂಪಾಯಿ ಒಳಗೆ ಏನಿದೆ?

95ನ್ನು 12,000ದಿಂದ ಗುಣಿಸಿದರೆ 11,40,000. ಅದು ಒಂದೇ ಗಂಟಾಗಿ ಬರೆದ ಅಂಕಿ. ಬಿಚ್ಚಿದಾಗ ಸಿಕ್ಕಿದ್ದು ಇಷ್ಟು: ಕಟ್ಟಡದ ಬಾಡಿಗೆಯ ಪಾಲು 3,60,000, ಸಿಎನ್‌ಸಿ ಸವಕಳಿ 2,40,000, ಶಾಫ್ಟ್ ವಿಭಾಗದ ಇನ್‌ಸ್ಪೆಕ್ಟರ್ ಸಂಬಳ 2,40,000, ಇಡೀ ಕಾರ್ಖಾನೆ ನೋಡಿಕೊಳ್ಳುವ ಸೂಪರ್‌ವೈಸರ್ ಸಂಬಳದ ಪಾಲು 1,80,000, ಯಂತ್ರದ ವಾರ್ಷಿಕ ನಿರ್ವಹಣೆ ಒಪ್ಪಂದ 60,000, ಕರೆಂಟ್ ಬಿಲ್ಲಿನ ನಿಗದಿತ ಶುಲ್ಕದ ಪಾಲು 60,000.

ಬಾಡಿಗೆ ನಿಲ್ಲುವುದಿಲ್ಲ. ಸಿಎನ್‌ಸಿ ನಿಂತ ಮೂಲೆ ಖಾಲಿಯಾಯಿತೆಂದು ಕಟ್ಟಡದ ಯಜಮಾನರು ಬಾಡಿಗೆ ಇಳಿಸುವುದಿಲ್ಲ. ಆ ಮೂಲೆಯನ್ನು ಇನ್ನೊಬ್ಬರಿಗೆ ಕೊಡಲು ಕರಾರಿನಲ್ಲಿ ಅವಕಾಶವಿದ್ದು, ತೆಗೆದುಕೊಳ್ಳುವವರೂ ಇದ್ದರೆ ಮಾತ್ರ ಆ ಹಣವನ್ನು ಲೆಕ್ಕಕ್ಕೆ ಸೇರಿಸಿ. ಸೂಪರ್‌ವೈಸರ್ ಹೋಗುವುದಿಲ್ಲ. ಸವಕಳಿಯಂತೂ ಯಾರ ಕೈಗೂ ಕೊಡುವ ಹಣವಲ್ಲ, ಯಂತ್ರ ಕೊಂಡ ದಿನವೇ ಖರ್ಚಾಗಿಹೋದದ್ದನ್ನು ವರ್ಷವರ್ಷಕ್ಕೆ ಹಂಚಿ ಬರೆಯುವ ಪುಸ್ತಕದ ನಮೂದು. ಬ್ಯಾಂಕ್ ಸಾಲದ ಕಂತೂ ಯಂತ್ರ ಓಡಿದರೂ ನಿಂತರೂ ಬಂದೇ ಬರುತ್ತದೆ. ಯಂತ್ರದ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಒಂದೇ, ಇವತ್ತು ಮಾರಿದರೆ ಎಷ್ಟು ಸಿಗುತ್ತದೆ ಎನ್ನುವುದು. ಈ ಮಾಲೀಕರಿಗೆ ಮಾರುವ ಮನಸ್ಸಿರಲಿಲ್ಲ, ಹಾಗಾಗಿ ಅದನ್ನು ಕೈಬಿಟ್ಟೆವು.

ಕರೆಂಟ್ ಬಿಲ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಇದನ್ನು ಗಮನಿಸುವವರು ಕಡಿಮೆ. ಬೆಸ್ಕಾಂ ಬಿಲ್ ಕೈಗೆತ್ತಿಕೊಂಡು ನೋಡಿ. ಓಡಿದ ಯೂನಿಟ್ಟಿಗೆ ಒಂದು ಸಾಲು, ಮಂಜೂರಾದ ಲೋಡ್ ಮೇಲೆ ನಿಗದಿತ ಶುಲ್ಕದ ಇನ್ನೊಂದು ಸಾಲು ಇರುತ್ತದೆ. ಸಿಎನ್‌ಸಿ ಬಂದ್ ಮಾಡಿದರೆ ಮೊದಲನೆಯದು ಇಳಿಯುತ್ತದೆ, ಅದನ್ನು ಆಗಲೇ 35 ರೂಪಾಯಿಯಲ್ಲಿ ಹಿಡಿದಿದ್ದೇವೆ. ಎರಡನೆಯದು ಇಳಿಯಬೇಕೆಂದರೆ ಲೋಡ್ ಕಡಿಮೆ ಮಾಡಿಸಲು ಅರ್ಜಿ ಹಾಕಬೇಕು. ಮುಂದೆ ಮತ್ತೆ ಯಂತ್ರ ಓಡಿಸಬೇಕೆಂದರೆ ಲೋಡ್ ಏರಿಸಿಕೊಳ್ಳುವ ಖರ್ಚು ಮತ್ತು ಓಡಾಟ ಬೇರೆ. ಇವರು ಲೋಡ್ ಇಳಿಸುವವರಲ್ಲ. ಹಾಗಾಗಿ ಆ 60,000 ಉಳಿಯುವುದಿಲ್ಲ.

ಕಡೆಗೆ ಉಳಿದದ್ದು ಎರಡೇ ಸಾಲು. ಇನ್‌ಸ್ಪೆಕ್ಟರ್ ಶಾಫ್ಟ್‌ಗೆಂದೇ ಇದ್ದವರು, ಅವರ ಸಂಬಳ ನಿಲ್ಲಬಹುದು. ನಿರ್ವಹಣೆ ಒಪ್ಪಂದ ನವೀಕರಿಸದೆ ಬಿಡಬಹುದು. ಎರಡೂ ಸೇರಿ 3,00,000, ಪೀಸಿಗೆ 25 ರೂಪಾಯಿ. ತಪ್ಪಿಸಬಹುದಾದ ಸ್ಥಿರ ವೆಚ್ಚ ಎನ್ನುವುದು ಇಷ್ಟೇ. ಮಿಕ್ಕ 8,40,000, ಅಂದರೆ ಪೀಸಿಗೆ 70 ರೂಪಾಯಿ, ಎಲ್ಲೂ ಹೋಗುವುದಿಲ್ಲ. ಶಾಫ್ಟ್‌ನ ಶೀಟಿನಿಂದ ಎದ್ದು ಪಂಪಿನ ಇತರ ಭಾಗಗಳ ಶೀಟಿನ ಮೇಲೆ ಕೂರುತ್ತದೆ. ಮುಂದಿನ ವರ್ಷ ಅಕೌಂಟೆಂಟ್ ಲೆಕ್ಕ ಹಾಕಿದಾಗ ಇಂಪೆಲ್ಲರ್, ಕೇಸಿಂಗ್ ದುಬಾರಿಯಾಗಿ ಕಾಣುತ್ತವೆ, ಅವನ್ನೂ ಹೊರಗೆ ಕೊಡೋಣ ಅನ್ನಿಸುತ್ತದೆ. ಹೀಗೆ ಒಂದೊಂದೇ ಭಾಗ ಹೊರಗೆ ಕೊಡುತ್ತಾ, ಕಡೆಗೆ ಖಾಲಿ ಕಟ್ಟಡಕ್ಕೆ ಪೂರ್ತಿ ಬಾಡಿಗೆ ಕಟ್ಟುತ್ತಾ ಕೂತವರನ್ನು ನಾನು ಕಂಡಿದ್ದೇನೆ. ನಿಮ್ಮಲ್ಲೂ ಇದು ಆಗುತ್ತಿದೆಯಾ ಎಂದು ತಿಳಿಯಲು, ಒಂದು ಭಾಗ ಹೊರಗೆ ಕೊಟ್ಟ ಆರು ತಿಂಗಳಿಗೆ ಒಟ್ಟು ಸಂಬಳ, ಬಾಡಿಗೆ, ಬಿಲ್‌ಗಳ ಮೊತ್ತವನ್ನು ಹಿಂದಿನ ಆರು ತಿಂಗಳ ಜೊತೆ ಇಟ್ಟು ನೋಡಿ. ಉತ್ಪಾದನೆ ಅಷ್ಟೇ ಇದ್ದು ಮೊತ್ತವೂ ಅಷ್ಟೇ ಇದ್ದರೆ, ಉಳಿತಾಯ ಆಗಿದ್ದು ಕಾಗದದ ಮೇಲೆ ಮಾತ್ರ.

ಈಗ ಎರಡನ್ನೂ ಎದುರುಬದುರು ಇಡಿ

ಮೂವರೂ ಕೆಲಸದಿಂದ ಹೋಗುತ್ತಾರೆ, ಇನ್‌ಸ್ಪೆಕ್ಟರೂ ಹೋಗುತ್ತಾರೆ ಎಂದೇ ಇಟ್ಟುಕೊಳ್ಳಿ. ನಾವೇ ಮಾಡುವ ಬೆಲೆ 215ಕ್ಕೆ 60, 25 ಸೇರಿ 300. ತರಿಸುವ ಬೆಲೆ 318. ತರಿಸಿದರೆ ಪೀಸಿಗೆ 18 ರೂಪಾಯಿಯಂತೆ ವರ್ಷಕ್ಕೆ 2,16,000 ನಷ್ಟ, ಪರಿಹಾರದ ಹಣ ಬೇರೆ. ಮೂವರೂ ಉಳಿಯುತ್ತಾರೆ ಎಂದಾದರೆ ಮಾಡುವ ಬೆಲೆ 240, ನಷ್ಟ ಪೀಸಿಗೆ 78, ವರ್ಷಕ್ಕೆ 9,36,000. ಏಳು ಲಕ್ಷ ಉಳಿತಾಯ ಎಂದು ಕಂಡದ್ದು ಒಂಬತ್ತು ಲಕ್ಷದ ನಷ್ಟವಾಗಿ ತಿರುಗಿತು.

ಆದರೆ ಇಲ್ಲಿಗೇ ನಿಲ್ಲಬೇಡಿ. ಪೀಸಿನ ಲೆಕ್ಕ ಎಲ್ಲಾ 12,000 ಶಾಫ್ಟ್ ಇದ್ದಾಗಿನದು. ಆರ್ಡರ್ ಬಿದ್ದುಹೋದರೆ ಏನು? ಅದಕ್ಕೆ ವರ್ಷದ ಮೊತ್ತ ಹಿಡಿಯಬೇಕು. ಪ್ರತಿ ಶಾಫ್ಟ್ ನಾವೇ ಮಾಡಿದಾಗ, ಕೊಟೇಶನ್ನಿನ 310 ಮತ್ತು ಸಾಗಾಟದ 5 ಸೇರಿದ 315 ಬದಲು 215 ಹೋಗುತ್ತದೆ, ಅಂದರೆ 100 ರೂಪಾಯಿ ಉಳಿಯುತ್ತದೆ. ಈ ಉಳಿತಾಯ ಪಡೆಯಲು ವರ್ಷಕ್ಕೆ ಕೂಲಿ 7,20,000, ತಪ್ಪಿಸಬಹುದಾದ ಸ್ಥಿರ ವೆಚ್ಚ 3,00,000 ಕೊಡಬೇಕು. ತರಿಸಿದ್ದರೆ ಬೀಳುತ್ತಿದ್ದ ತಪಾಸಣೆಯ 36,000 ಇದರಲ್ಲಿ ಕಳೆಯಿರಿ. ಉಳಿದ 9,84,000ವನ್ನು 100ರಿಂದ ಭಾಗಿಸಿದರೆ 9,840. ವರ್ಷಕ್ಕೆ ಇದಕ್ಕಿಂತ ಹೆಚ್ಚು ಶಾಫ್ಟ್ ಬೇಕಿದ್ದರೆ ಮಾಡುವುದು ಮೇಲು, ಕಡಿಮೆಯಿದ್ದರೆ, ಜನರನ್ನು ನಿಜವಾಗಿ ಬೇರೆ ಕೆಲಸಕ್ಕೆ ಹಚ್ಚಲು ಸಾಧ್ಯವಿದ್ದರೆ, ತರಿಸುವುದು ಮೇಲು. ತಿಂಗಳಿಗೆ 820 ಶಾಫ್ಟ್. ಮಾಲೀಕರು ಈ ಅಂಕಿಯನ್ನು ಗೋಡೆಯ ಬಿಳಿ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರು.

ಯಂತ್ರಕ್ಕೆ ಬಿಡುವಿದೆಯಾ?

ಸಿಎನ್‌ಸಿ ಮೇಲೆ ಒಂದು ಶಾಫ್ಟ್‌ಗೆ 12 ನಿಮಿಷ, ಗಂಟೆಗೆ ಐದು. 12,000 ಶಾಫ್ಟ್‌ಗೆ 2,400 ಗಂಟೆ. ಎರಡು ಪಾಳಿಯಲ್ಲಿ ಸೆಟ್ಟಿಂಗ್, ರಿಪೇರಿ, ಕರೆಂಟ್ ಹೋದ ಹೊತ್ತು ಎಲ್ಲಾ ಕಳೆದು ವರ್ಷಕ್ಕೆ 4,000 ಗಂಟೆ ಸಿಗುತ್ತದೆ. ಬಿಡುವು 1,600 ಗಂಟೆ. ಈ ಅಂಕಿಯನ್ನು ಯಂತ್ರದ ಕ್ಯಾಟಲಾಗ್ ನೋಡಿ ಹಾಕಬೇಡಿ, ಎರಡು ವಾರದ ಲಾಗ್ ಪುಸ್ತಕ ನೋಡಿ ಹಾಕಿ.

ಬಿಡುವಿರುವಾಗ ಯಂತ್ರದ ಸಮಯಕ್ಕೆ ಬೆಲೆ ಕಟ್ಟಬೇಕಿಲ್ಲ. ಬಿಡುವಿಲ್ಲದಾಗ ಪ್ರತಿ ಶಾಫ್ಟ್ ಇನ್ನೊಂದು ಕೆಲಸದ ಜಾಗ ತಿನ್ನುತ್ತದೆ, ಆ ಕೆಲಸ ತರುತ್ತಿದ್ದ ಹಣವೂ ಶಾಫ್ಟ್‌ನ ವೆಚ್ಚವೇ.

ಇವರಿಗೆ ಅದೇ ಹೊತ್ತಿಗೆ ಫ್ಲ್ಯಾಂಜ್ ತಿರುವಿಕೊಡುವ ಜಾಬ್ ವರ್ಕ್ ಬಂದಿತ್ತು. ಮಾಲು ಗಿರಾಕಿಯದೇ, ಗಂಟೆಗೆ 400 ರೂಪಾಯಿ, ವರ್ಷಕ್ಕೆ 2,400 ಗಂಟೆಯ ಕೆಲಸ. ಕರೆಂಟ್, ಇನ್ಸರ್ಟ್‌ಗೆ ಗಂಟೆಗೆ 175 ಹೋದರೆ ಕೈಗೆ 225. ಜನ ಎರಡೂ ಪಾಳಿಗೆ ಆಗಲೇ ಇದ್ದಾರೆ, ಸಂಬಳ ಹೆಚ್ಚುವುದಿಲ್ಲ. "ಹಾಗಾದ್ರೆ ಶಾಫ್ಟ್ ಪೂರ್ತಿ ಹೊರಗೆ ಹಾಕಿ ಯಂತ್ರ ಇದಕ್ಕೇ ಬಿಟ್ಬಿಡೋಣ" ಅಂದರು. ಹಾಗೆ ಮಾಡಿದರೆ ಫ್ಲ್ಯಾಂಜ್‌ನಿಂದ 5,40,000 ಬರುತ್ತದೆ, ಆದರೆ ಜನ, ಇನ್‌ಸ್ಪೆಕ್ಟರ್ ಎಲ್ಲರೂ ಉಳಿದು 12,000 ಶಾಫ್ಟ್‌ಗೆ ತಲಾ 100 ರೂಪಾಯಿ ಹೆಚ್ಚು ತೆತ್ತು 12,00,000 ಹೋಗುತ್ತದೆ.

ಇದನ್ನು ಎರಡು ತುಂಡು ಮಾಡಿ ನೋಡಬೇಕು. ಮೊದಲ 1,600 ಗಂಟೆ ಬಿಡುವಿನದು. ಅಲ್ಲಿ ಏನನ್ನೂ ಕಳೆದುಕೊಳ್ಳದೆ 3,60,000 ಬರುತ್ತದೆ. ಮುಂದಿನ 800 ಗಂಟೆಗೆ 4,000 ಶಾಫ್ಟ್ ಯಂತ್ರದಿಂದ ಇಳಿಸಿ ಹೊರಗಿಂದ ತರಿಸಬೇಕು. ಅದರಿಂದ ಬರುವುದು 1,80,000, ಹೋಗುವುದು 4,00,000. ಇಷ್ಟು ಶಾಫ್ಟ್ ಹೊರಗೆ ಕೊಟ್ಟರೂ ಕೂಲಿ, ಇನ್‌ಸ್ಪೆಕ್ಟರ್, ನಿರ್ವಹಣೆ ಯಾವುದೂ ಇಳಿಯುವುದಿಲ್ಲ, ಹಾಗಾಗಿ ಇಲ್ಲಿ ಹೋಲಿಸಬೇಕಾದ್ದು 215ನ್ನು 315ರ ಜೊತೆ. ಗಂಟೆಗೆ ಐದು ಶಾಫ್ಟ್ ಲೆಕ್ಕದಲ್ಲಿ 500 ರೂಪಾಯಿ ಕಳೆದುಕೊಂಡು 225 ಗಳಿಸಿದ ಹಾಗೆ. ಬಿಡುವು ಮುಗಿದ ಮೇಲೆ ಗಂಟೆಗೆ 675ರ ಮೇಲೆ ಕೊಡುವವರಿದ್ದರೆ ಮಾತ್ರ ಶಾಫ್ಟ್ ಇಳಿಸಿ.

ಗಿರಾಕಿ "ಕೊಟ್ರೆ ಪೂರ್ತಿ 2,400 ಗಂಟೆ, ಇಲ್ಲಾಂದ್ರೆ ಬೇಡ" ಅಂದರೆ ಉತ್ತರ ಬದಲಾಗುತ್ತದೆ. 5,40,000ದಲ್ಲಿ 4,00,000 ಹೋದರೂ 1,40,000 ಮಿಗುತ್ತದೆ, ಒಪ್ಪಿಕೊಳ್ಳಬಹುದು. ಆದರೆ ಮೊದಲು 1,600ಕ್ಕೆ ಚೌಕಾಸಿ ಮಾಡಿ ನೋಡಿ. ಇಲ್ಲಿ ಗಿರಾಕಿ ಅದಕ್ಕೇ ಒಪ್ಪಿದರು.

ಹೊರಗೆ ಕೊಡುವುದೇ ಸರಿ ಎಂದು ಬಂದರೆ

ಪರ್ಚೇಸ್ ಆರ್ಡರ್ ಬರೆಯುವ ಮುಂಚೆ ಬೆಲೆ ಎಷ್ಟು ದಿನಕ್ಕೆ ಎಂದು ಕೇಳಿ. ಅವರ ಯಂತ್ರಕ್ಕೆ ಈಗ ಬಿಡುವಿದೆ ಎನ್ನುವ ಕಾರಣಕ್ಕೆ 310 ಹೇಳಿರಬಹುದು. ನೀವು ಜನರನ್ನು ಕಳಿಸಿ ಯಂತ್ರ ಮಾರಿದ ಮೇಲೆ 340 ಎಂದರೆ ಹಿಂದೆ ಬರುವ ದಾರಿ ಇರುವುದಿಲ್ಲ. ಕಬ್ಬಿಣದ ದರ ಏರಿಳಿದಾಗ ಬೆಲೆ ಹೇಗೆ ಬದಲಾಗುತ್ತದೆ ಎಂದು ಬರೆಸಿಕೊಳ್ಳಿ. ಮೊದಲ ಐವತ್ತು ಪೀಸ್ ತರಿಸಿ ಬೇರಿಂಗ್ ಹಾಕಿ ಪಂಪ್ ಓಡಿಸಿ ನೋಡಿ. ನಿಮ್ಮ ಹಣದ ಓಟವನ್ನೂ ಗಮನಿಸಿ. ಮಾಲು ಕೊಡುವವರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ನಿಮ್ಮ ಡೀಲರ್‌ಗಳು ನಿಮಗೆ ತೊಂಬತ್ತು ದಿನಕ್ಕೆ ಕೊಡುವವರಾದರೆ ನಡುವಿನ ದಿನಗಳ ಬಡ್ಡಿ ನಿಮ್ಮದೇ.

ಫ್ಲ್ಯಾಂಜ್ ಕೆಲಸ ಶುರುವಾದ ಮೇಲೆ ಬೋರ್ಡಿನ ಮೂಲೆಯ 820 ಹಳತಾಯಿತು. ಈಗ ಸಿಎನ್‌ಸಿ ವಿಭಾಗ ಮುಚ್ಚಿದರೆ ಶಾಫ್ಟ್ ಜೊತೆ ಜಾಬ್ ವರ್ಕ್‌ನ 3,60,000ವೂ ಹೋಗುತ್ತದೆ. 9,84,000ದಲ್ಲಿ ಅದನ್ನು ಕಳೆದರೆ 6,24,000, ಅಂದರೆ ವರ್ಷಕ್ಕೆ 6,240 ಶಾಫ್ಟ್. ಮಾಲೀಕರು 820ನ್ನು ಒರೆಸಿ 520 ಎಂದು ಬರೆದು, ಪಕ್ಕದಲ್ಲಿ ಜಾಬ್ ವರ್ಕ್ ಆರ್ಡರ್ ಮುಗಿಯುವ ತಿಂಗಳನ್ನೂ ಬರೆದರು.